ಕೋಳಿ ಶೆಡ್ಡಿನ ಹಾಸು: ಮಳೆಗಾಲ ದಾಟಿಸುವ ಲೆಕ್ಕಾಚಾರ

ನಮ್ಮ ದಾಸನಕೊಪ್ಪ ಶಿರಸಿ ತಾಲೂಕಿನ ಮೂಡಣ ಅಂಚಿನಲ್ಲಿದೆ. ಘಟ್ಟದ ನೆತ್ತಿಯಷ್ಟು ಮಳೆ ಇಲ್ಲಿಲ್ಲ. ಆದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ, ಗೋಣಿ, ಗೊಬ್ಬರ ಯಾವುದೂ ಪೂರ್ತಿ ಒಣಗುವುದಿಲ್ಲ. ಇಂಥ ಊರಲ್ಲಿ ನೆಲದ ಮೇಲೆ ಕೋಳಿ ಸಾಕುವವರಿಗೆ ದೊಡ್ಡ ತಲೆನೋವು ರೋಗವಲ್ಲ, ಹಾಸು. ಹಾಸು ಕೆಟ್ಟರೆ ರೋಗ ತಾನಾಗಿ ಬರುತ್ತದೆ.

ನನ್ನದು 20 ಅಡಿ ಅಗಲ, 30 ಅಡಿ ಉದ್ದದ ಒಂದೇ ಶೆಡ್ಡು. ಮೊಟ್ಟೆಗಾಗಿ 240 ಸ್ವರ್ಣಧಾರ ಕೋಳಿ ಸಾಕುತ್ತೇನೆ. ಇದು ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪುಗೊಂಡ ತಳಿ. ಡೀಪ್ ಲಿಟರ್ ಪದ್ಧತಿ, ಅಂದರೆ ಭತ್ತದ ಹೊಟ್ಟಿನ ದಪ್ಪ ಹಾಸು. ಒಂದು ಕೋಳಿಗೆ ಎರಡು ಚದರಡಿ ಸಾಕು ಎಂದು ಹೇಳುವವರಿದ್ದಾರೆ. ಬಯಲುಸೀಮೆಯಲ್ಲಿ ಸಾಕಾಗಬಹುದು. ನಮ್ಮ ಕಡೆ ಎರಡೂವರೆಗಿಂತ ಕಡಿಮೆ ಕೊಡಬಾರದು ಎಂಬುದು ನನ್ನ ಅನುಭವ. ಯಾಕೆಂದು ಲೆಕ್ಕ ಹಾಕಿದರೆ ಗೊತ್ತಾಗುತ್ತದೆ.

ದಿನಕ್ಕೆ ಎರಡು ಕೊಡ ನೀರು

ಮೊಟ್ಟೆ ಇಡುವ ಒಂದು ಕೋಳಿ ದಿನಕ್ಕೆ ಸುಮಾರು 230 ಮಿಲಿಲೀಟರ್ ನೀರು ಕುಡಿಯುತ್ತದೆ. 240 ಕೋಳಿಗೆ 55 ಲೀಟರ್ ಆಯಿತು. ಇದರಲ್ಲಿ ಸ್ವಲ್ಪ ಮೊಟ್ಟೆಗೆ ಹೋಗುತ್ತದೆ, ಸ್ವಲ್ಪ ಉಸಿರಲ್ಲಿ ಹೋಗುತ್ತದೆ. ಉಳಿದದ್ದು ಹಿಕ್ಕೆಯಲ್ಲಿ ಹಾಸಿಗೇ ಬರುತ್ತದೆ. ಒಂದು ಕೋಳಿ ದಿನಕ್ಕೆ ಸುಮಾರು 130 ಗ್ರಾಂ ಹಸಿ ಹಿಕ್ಕೆ ಹಾಕುತ್ತದೆ ಎಂದಿಟ್ಟುಕೊಂಡರೆ, ಒಟ್ಟು 31 ಕಿಲೋ. ಅದರ ಮುಕ್ಕಾಲು ಭಾಗ ನೀರು, ಅಂದರೆ 23 ಲೀಟರ್.

ಅರ್ಥ ಇಷ್ಟೆ: ನಾವು ದಿನಾ ಎರಡು ಕೊಡ ನೀರನ್ನು ಶೆಡ್ಡಿನ ಹಾಸಿಗೆ ಸುರಿದಂತೆ. ಈ ಎರಡು ಕೊಡ ನೀರು ದಿನಾ ಆವಿಯಾಗಿ ಹೊರಗೆ ಹೋಗಲೇಬೇಕು. ಮಾರ್ಚ್ ತಿಂಗಳ ಒಣ ಗಾಳಿ ಈ ಕೆಲಸವನ್ನು ನಮಗೆ ಗೊತ್ತಾಗದಂತೆ ಮಾಡಿಬಿಡುತ್ತದೆ. ಜುಲೈಯಲ್ಲಿ ಗಾಳಿಯೇ ನೀರು ತುಂಬಿಕೊಂಡಿರುವಾಗ ಹಾಸು ಒಣಗುವುದು ನಿಧಾನ. ಆಗ ಕೋಳಿ ಒತ್ತೊತ್ತಾಗಿದ್ದರೆ ನೀರು ಹೋಗುವುದಕ್ಕಿಂತ ಬರುವುದೇ ಹೆಚ್ಚಾಗುತ್ತದೆ.

ಹಾಸಿನಲ್ಲಿ ನೂರಕ್ಕೆ 20ರಿಂದ 25 ಪಾಲು ತೇವ ಇರಬೇಕು. 30 ದಾಟಿದರೆ ಹುಷಾರಾಗಬೇಕು. ಅಳೆಯಲು ಯಂತ್ರ ಬೇಡ. ಅಂಗೈ ಸಾಕು. ಮೇಲಿನ ಪದರ ಸರಿಸಿ, ಎರಡು ಮೂರು ಇಂಚು ಒಳಗಿನಿಂದ ಒಂದು ಮುಷ್ಟಿ ತೆಗೆದು ಗಟ್ಟಿಯಾಗಿ ಹಿಂಡಿ, ಕೈ ಬಿಡಿಸಿ. ಉಂಡೆ ಆಗದೆ ಧೂಳಿನ ಹಾಗೆ ಉದುರಿದರೆ ಹಾಸು ಅತಿ ಒಣಗಿದೆ. ಉಂಡೆಯಾದಂತೆ ಕಂಡು, ಬೆರಳು ಬಿಟ್ಟ ಕೂಡಲೇ ಬಿರುಕುಬಿಟ್ಟು ಉದುರಿದರೆ ಸರಿಯಾಗಿದೆ. ಉಂಡೆ ಉಂಡೆಯಾಗಿಯೇ ಉಳಿದು ಅಂಗೈ ಒದ್ದೆಯಾದರೆ ಅಲ್ಲಿ ಕೆಲಸ ಇದೆ ಎಂದರ್ಥ. ಒಂದೇ ಕಡೆ ನೋಡಿದರೆ ಸಾಲದು. ನಾಲ್ಕು ಮೂಲೆ, ನಡುಮಧ್ಯ, ನೀರಿನ ಡ್ರಿಂಕರ್ ಬುಡ, ಹೀಗೆ ಆರು ಕಡೆ ನೋಡಬೇಕು.

ವಾಸನೆ ಎಲ್ಲಿಂದ?

ಕೋಳಿ ಬೇರೆಯಾಗಿ ಮೂತ್ರ ಮಾಡುವುದಿಲ್ಲ. ಹಿಕ್ಕೆಯ ಮೇಲೆ ಬಿಳಿಯಾಗಿ ಕಾಣುವುದೇ ಅದರ ಮೂತ್ರ, ಯೂರಿಕ್ ಆಮ್ಲ. ಹಾಸಿನಲ್ಲಿರುವ ಸೂಕ್ಷ್ಮಜೀವಿಗಳು ಇದನ್ನು ಒಡೆದಾಗ ಅಮೋನಿಯಾ ಹುಟ್ಟುತ್ತದೆ. ಆ ಜೀವಿಗಳಿಗೆ ತೇವ ಬೇಕು, ಬಿಸಿ ಬೇಕು, ಜತೆಗೆ ಹಾಸು ಹುಳಿ ಇಲ್ಲದೆ ಕ್ಷಾರದ ಕಡೆಗಿರಬೇಕು. ಬಿಸಿಯನ್ನು ನಾವು ತಡೆಯಲಾರೆವು. ನಮ್ಮ ಕೈಯಲ್ಲಿರುವುದು ತೇವ ಮಾತ್ರ. ಆದ್ದರಿಂದ ಅಮೋನಿಯಾದ ಮದ್ದು ಎಂದರೆ ಮೊದಲು ಹಾಸು ಒಣಗಿಸುವುದೇ.

ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅಮೋನಿಯಾ 25 ಭಾಗ ಮೀರಬಾರದು. ಮೀರಿದರೆ ಕೋಳಿಯ ಶ್ವಾಸನಾಳದ ಒಳಗಿನ ನವಿರಾದ ರೋಮ ಹಾಳಾಗಿ, ರಾಣಿಖೇತ್ ಮತ್ತು ಗೊರಗೊರ ಕೆಮ್ಮಿನ ರೋಗಗಳಿಗೆ ಬಾಗಿಲು ತೆರೆದಂತಾಗುತ್ತದೆ. ಇನ್ನೂ ಹೆಚ್ಚಾದರೆ ಕಣ್ಣು ಕೆಂಪಾಗಿ, ನೀರು ಸುರಿದು, ಕೋಳಿ ಕಣ್ಣು ಮುಚ್ಚಿ ಮುದುಡಿ ಕೂರುತ್ತದೆ.

ವಾಸನೆ ನೋಡುವುದಕ್ಕೂ ಕ್ರಮ ಇದೆ. ಬೆಳಿಗ್ಗೆ ಪರದೆ ಎತ್ತುವ ಮೊದಲು ಒಳಗೆ ಹೋಗಿ, ಕುಕ್ಕರಗಾಲಲ್ಲಿ ಕೂತು, ಕೋಳಿಯ ತಲೆ ಎತ್ತರದಲ್ಲಿ ಉಸಿರೆಳೆಯಬೇಕು. ನಿಂತು ನೋಡಿದರೆ ಕೋಳಿಗೆ ಏನು ಸಿಗುತ್ತಿದೆ ಎಂದು ಗೊತ್ತಾಗುವುದಿಲ್ಲ. ಇನ್ನೊಂದು ಮಾತು: ದಿನಾ ಒಳಗೆ ಓಡಾಡುವವರ ಮೂಗು ಹೊಂದಿಕೊಂಡುಬಿಡುತ್ತದೆ. ವಾಸನೆ ಇಲ್ಲ ಎಂದು ನಮಗನಿಸಿದರೂ ಇರುತ್ತದೆ. ಹಾಗಾಗಿ ವಾರಕ್ಕೊಮ್ಮೆ ಶೆಡ್ಡಿಗೆ ಹೋಗದ ಮನೆಮಂದಿಯನ್ನು ಕರೆದು ನಿಲ್ಲಿಸುವುದು ಒಳ್ಳೆಯದು. ಅವರ ಕಣ್ಣು ಉರಿದರೆ ಮತ್ತೆ ವಾದ ಬೇಡ.

ಒದ್ದೆ ಎಲ್ಲಿದೆ ಎಂಬುದೇ ಕಾರಣ ಹೇಳುತ್ತದೆ

ಹಾಸು ಒದ್ದೆಯಾದ ಕೂಡಲೇ ಹೊಟ್ಟು ಸುರಿಯುವುದು ಎಲ್ಲರ ಅಭ್ಯಾಸ. ಅದಕ್ಕಿಂತ ಮೊದಲು ಒದ್ದೆಯ ಆಕಾರ ನೋಡಿ.

ಡ್ರಿಂಕರ್ ಸುತ್ತ ಉಂಗುರದಂತೆ ಒದ್ದೆಯಾಗಿದ್ದರೆ ತಪ್ಪು ನೀರಿನ ವ್ಯವಸ್ಥೆಯದು. ಡ್ರಿಂಕರಿನ ಅಂಚು ಕೋಳಿಯ ಬೆನ್ನಿನ ಮಟ್ಟಕ್ಕಿರಬೇಕು. ಹಾಸು ಏರಿದ ಹಾಗೆ ಡ್ರಿಂಕರ್ ಕೆಳಗಾಗುತ್ತದೆ. ಅದನ್ನೂ ಏರಿಸಬೇಕು. ನಾನು ಪ್ರತಿ ಡ್ರಿಂಕರ್ ಕೆಳಗೆ ಅಡಿಕೆ ದಬ್ಬೆಯ ಮೂರಡಿ ಚೌಕದ ಅಟ್ಟ ಇಟ್ಟಿದ್ದೇನೆ. ಚೆಲ್ಲಿದ ನೀರು ದಬ್ಬೆಯ ಸಂದಿನಿಂದ ಕೆಳಗಿಳಿಯುತ್ತದೆ. ಕೋಳಿ ಅದನ್ನು ತುಳಿದು ಶೆಡ್ಡಿಡೀ ಹರಡುವುದಿಲ್ಲ. ಒದ್ದೆಯಾದದ್ದನ್ನು ಅಟ್ಟ ಎತ್ತಿ ತೆಗೆದರೆ ಮುಗಿಯಿತು.

ಒಂದು ಪಕ್ಕದ ಗೋಡೆಗುಂಟ ಪಟ್ಟಿಯಂತೆ ಒದ್ದೆಯಾಗಿದ್ದರೆ ಅದು ಎರಚಲು. ನಮ್ಮ ಮಳೆ ಪಡುವಣದಿಂದ ಹೊಡೆಯುತ್ತದೆ. ಶೆಡ್ಡಿನ ಉದ್ದ ಪೂರ್ವ-ಪಶ್ಚಿಮವಾಗಿದ್ದರೆ ಮಳೆಗೆ ಸಿಗುವುದು ಕಿರಿದಾದ ಗೋಡೆ ಮಾತ್ರ. ಮಾಡು ಮೂರರಿಂದ ನಾಲ್ಕು ಅಡಿ ಹೊರಚಾಚಿರಬೇಕು.

ಮೇಲೆ ಒಣಗಿದ್ದು ತಳದಲ್ಲಿ ಹಸಿಯಿದ್ದರೆ ನೀರು ನೆಲದಿಂದ ಏರುತ್ತಿದೆ. ನೆಲ ಸುತ್ತಲಿನ ಅಂಗಳಕ್ಕಿಂತ ಒಂದೂವರೆ ಅಡಿ ಎತ್ತರ ಇಲ್ಲದಿದ್ದರೆ, ಸುತ್ತ ಚರಂಡಿ ಇಲ್ಲದಿದ್ದರೆ ಎಷ್ಟು ಹೊಟ್ಟು ಹಾಕಿದರೂ ವ್ಯರ್ಥ.

ಇಡೀ ಶೆಡ್ಡು ಒಂದೇ ಸಮ ಹಸಿಯಾಗಿದ್ದರೆ ಎರಡು ಕಾರಣ ಇರಬಹುದು. ಒಂದು, ಗಾಳಿ ಆಡುತ್ತಿಲ್ಲ. ಇನ್ನೊಂದು, ಹಿಕ್ಕೆಯೇ ನೀರಾಗಿದೆ. ಹೊಟ್ಟೆಯ ರೋಗದಿಂದಲೂ ಹಾಗಾಗುತ್ತದೆ, ಆಹಾರದಲ್ಲಿ ಉಪ್ಪು ಹೆಚ್ಚಾದರೂ ಆಗುತ್ತದೆ. ಮನೆಯಲ್ಲೇ ಆಹಾರ ಮಿಶ್ರ ಮಾಡುವವರು ಕರಾವಳಿಯಿಂದ ಬರುವ ಒಣಮೀನು ಬಳಸುತ್ತಾರೆ. ಅದರಲ್ಲಿ ಉಪ್ಪು ಮೊದಲೇ ಇದೆ. ಮೇಲಿಂದ ಮತ್ತೆ ಉಪ್ಪು ಹಾಕಿದರೆ ಕೋಳಿ ನೀರು ಹೆಚ್ಚು ಕುಡಿದು ಹಿಕ್ಕೆ ತೆಳ್ಳಗಾಗುತ್ತದೆ. ಹಿಕ್ಕೆಯಲ್ಲಿ ರಕ್ತ ಕಂಡರೆ ಕಾಕ್ಸಿಡಿಯೋಸಿಸ್ ಇರಬಹುದು. ತಡಮಾಡದೆ ಪಶುವೈದ್ಯರಿಗೆ ತೋರಿಸಬೇಕು. ಈ ರೋಗದ ಬೀಜಾಣು ಒದ್ದೆ ಹಾಸಿನಲ್ಲಿ ಒಂದೆರಡು ದಿನದಲ್ಲೇ ಬಲಿತು ರೋಗ ಹರಡಲು ತಯಾರಾಗುತ್ತದೆ. ಒಣ ಹಾಸಿನಲ್ಲಿ ಅದಕ್ಕೆ ಆ ಅವಕಾಶ ಕಡಿಮೆ.

ಒಂದು ಜುಲೈಯ ಎಂಟು ದಿನ

ನಮ್ಮ ಶೆಡ್ಡಿನದೇ ಉದಾಹರಣೆ ಕೊಡುತ್ತೇನೆ. ಒಂದು ವರ್ಷ ಜುಲೈ ಎರಡನೇ ವಾರ ಐದು ದಿನ ಬಿಡದೆ ಮಳೆ. ಎರಚಲು ಬಾರದಿರಲೆಂದು ತಾಡಪಾಲು ಪೂರ್ತಿ ಇಳಿಬಿಟ್ಟಿತ್ತು. ಆರನೇ ಬೆಳಿಗ್ಗೆ ಕೂತು ನೋಡಿದಾಗ ಕಣ್ಣು ಚುಚ್ಚಿತು. ಆರು ಕಡೆ ಮುಷ್ಟಿ ಹಿಂಡಿ ನೋಡಿದೆ. ಐದು ಡ್ರಿಂಕರಿನಲ್ಲಿ ಒಂದರ ಬುಡ ಕೆಸರಾಗಿತ್ತು. ಪಡುವಣ ಗೋಡೆಗುಂಟ ಎರಡಡಿ ಅಗಲಕ್ಕೆ ಹಕ್ಕಳೆ ಕಟ್ಟಿತ್ತು. ಉಳಿದ ಕಡೆ ಉಂಡೆ ನಿಧಾನವಾಗಿ ಒಡೆಯುತ್ತಿತ್ತು, ಅಂದರೆ ಅಂಚಿನಲ್ಲಿತ್ತು. ಎರಡೂ ಸೇರಿ ಕೆಟ್ಟ ಜಾಗ ಸುಮಾರು 60 ಚದರಡಿ, ಶೆಡ್ಡಿನ ಹತ್ತನೇ ಒಂದು ಭಾಗ.

ಮೊದಲ ದಿನ ಹಕ್ಕಳೆಯನ್ನೂ ಕೆಸರನ್ನೂ ಮಾತ್ರ ಎತ್ತಿ ಹೊರಗೆ ಹಾಕಿದೆವು, ಹದಿನೈದು ಬುಟ್ಟಿ ಆಯಿತು. ಹಕ್ಕಳೆಯನ್ನು ಒಡೆದು ಒಳ್ಳೆಯ ಹಾಸಿಗೆ ಬೆರೆಸುವವರಿದ್ದಾರೆ. ಅದು ಸಲ್ಲ, ಒದ್ದೆಯನ್ನು ಇಡೀ ಶೆಡ್ಡಿಗೆ ಹಂಚಿದಂತಾಗುತ್ತದೆ. ತೆಗೆದ ಜಾಗಕ್ಕೆ ಒಂಬತ್ತು ಗೋಣಿ ಒಣ ಹೊಟ್ಟು ಬಿತ್ತು. ಡ್ರಿಂಕರಿನ ಸೋರುವ ವಾಶರ್ ಬದಲಾಯಿತು. ತಾಡಪಾಲಿನ ಮೇಲ್ಭಾಗ ಒಂದಡಿ ಕೆಳಗಿಳಿಸಿ ಕಟ್ಟಿದೆವು. ಬಿಸಿಯಾದ ಹಸಿ ಗಾಳಿ ಮೇಲಕ್ಕೇರುತ್ತದೆ. ಅದು ಹೊರಗೆ ಹೋಗಲು ಮಾಡಿನ ಕೆಳಗೆ ಎರಡೂ ಪಕ್ಕ ಒಂದಡಿ ಸಂದು ಮಳೆ ಇರಲಿ, ಚಳಿ ಇರಲಿ, ಯಾವಾಗಲೂ ತೆರೆದಿರಬೇಕು.

ಮುಂದಿನ ದಿನಗಳಲ್ಲಿ ಮಧ್ಯಾಹ್ನ ಮಳೆ ಹೊಳವಾದಾಗ ಉದ್ದ ಹಿಡಿಯ ರೇಕಿನಿಂದ ಇಡೀ ಹಾಸನ್ನು ತಿರುವಿದೆವು. ತಿರುವುವಾಗ ಒಳಗೆ ಹಿಡಿದಿಟ್ಟ ಅಮೋನಿಯಾ ಒಮ್ಮೆಲೇ ಹೊರಬರುತ್ತದೆ. ಆದ್ದರಿಂದ ಪರದೆ ಎತ್ತಿಯೇ ತಿರುವಬೇಕು, ಸಂಜೆ ಮತ್ತು ರಾತ್ರಿ ಈ ಕೆಲಸ ಮಾಡಲೇಬಾರದು. ತಿರುವಿದ ಮೇಲೆ ಎರಡು ಮೂರು ಬೊಗಸೆ ಗೋವಿನಜೋಳದ ನುಚ್ಚನ್ನು ಹಾಸಿನ ಮೇಲೆ ಎರಚಿದರೆ ಕೋಳಿಗಳೇ ಕೆದರಿ ಉಳಿದ ಕೆಲಸ ಮಾಡುತ್ತವೆ.

ಮೂರನೇ ದಿನ ಆ ಕೆಟ್ಟ ಜಾಗ ಮತ್ತು ಅದರ ಸುತ್ತಮುತ್ತ, ಒಟ್ಟು 90 ಚದರಡಿಗೆ ಆರು ಕಿಲೋ ಸೂಪರ್ ಫಾಸ್ಫೇಟ್ ಹಾಕಿದೆವು. ಅಂದರೆ 15 ಚದರಡಿಗೆ ಒಂದು ಕಿಲೋ. ಇದು ಹುಳಿ ಗುಣದ ಗೊಬ್ಬರ, ಅಮೋನಿಯಾವನ್ನು ಹಿಡಿದು ಹಾಸಿನಲ್ಲೇ ಉಳಿಸುತ್ತದೆ. ಪುಡಿ ಮಾಡಿ ಹಾಕಿ ಕೂಡಲೇ ರೇಕಿನಿಂದ ಒಳಗೆ ಬೆರೆಸಬೇಕು. ಮೇಲೆ ಬಿಟ್ಟರೆ ಕೋಳಿ ಕುಕ್ಕಿ ತಿನ್ನುತ್ತದೆ. ಮರಿಗಳಿರುವ ಕೋಣೆಗೆ ಇದನ್ನು ಬಳಸಬೇಡಿ.

ಐದನೇ ಬೆಳಿಗ್ಗೆ ಕಣ್ಣುರಿ ಇರಲಿಲ್ಲ. ಎಂಟನೇ ದಿನ ಆರೂ ಕಡೆ ಮುಷ್ಟಿ ಬಿಟ್ಟ ಕೂಡಲೇ ಉಂಡೆ ಒಡೆಯಿತು. ಹಾಸು ಪೂರ್ತಿ ತೆಗೆಯುವ ಪ್ರಮೇಯ ಬರಲಿಲ್ಲ.

ಸುಣ್ಣದ ವಿಚಾರ

ವಾಸನೆ ಬಂದ ಕೂಡಲೇ ಸುಣ್ಣ ಹಾಕುವ ರೂಢಿ ನಮ್ಮಲ್ಲಿ ಬೇರೂರಿದೆ. ಪಕ್ಕದ ಊರಿನ ಗೆಳೆಯರೊಬ್ಬರು ಒದ್ದೆ ಹಾಸಿಗೆ ಎರಡು ಚೀಲ ಸುಣ್ಣದ ಪುಡಿ ಎರಚಿ, ಮರುದಿನ ನನ್ನನ್ನು ಕರೆಸಿದರು. "ಸುಣ್ಣ ಹಾಕಿದ್ಮ್ಯಾಲೆ ವಾಸನೆ ಜಾಸ್ತಿನೇ ಆತಲ್ರೀ, ಒಳಗ ನಿಲ್ಲಾಕ ಆಗವಲ್ದು" ಎಂದರು. ಆಗುವುದೇ ಹಾಗೆ. ಒದ್ದೆ ಹಾಸಿನಲ್ಲಿ ಅಮೋನಿಯಾದ ಒಂದು ಪಾಲು ಲವಣವಾಗಿ ಅಡಗಿ ಕೂತಿರುತ್ತದೆ. ಸುಣ್ಣದ ಕ್ಷಾರ ತಗುಲಿದ ಕೂಡಲೇ ಅದು ಬಿಡುಗಡೆಯಾಗಿ ಗಾಳಿಗೆ ಬರುತ್ತದೆ. ಸುಣ್ಣ ಸ್ವಲ್ಪ ನೀರು ಹೀರುತ್ತದೆ ನಿಜ, ಆದರೆ ಕೋಳಿ ಒಳಗಿರುವಾಗ ಆ ಲಾಭಕ್ಕಿಂತ ನಷ್ಟ ಹೆಚ್ಚು. ಸುಣ್ಣ ಮತ್ತು ಸೂಪರ್ ಫಾಸ್ಫೇಟ್ ಎರಡನ್ನೂ ಒಟ್ಟಿಗೆ ಹಾಕಿದರಂತೂ ಒಂದು ಇನ್ನೊಂದನ್ನು ಕೆಡಿಸುತ್ತದೆ.

ಸುಣ್ಣಕ್ಕೆ ಅದರದೇ ಜಾಗ ಇದೆ. ಹಾಸು ತೆಗೆದು ತೊಳೆದ ಖಾಲಿ ಶೆಡ್ಡಿನ ನೆಲಕ್ಕೆ, ಗೋಡೆಗೆ ಅದನ್ನು ಬಳಿಯಿರಿ.

ಹೊಸ ಹಾಸು ಯಾವಾಗ ಹಾಕಬೇಕು?

ಇದೇ ಎಲ್ಲಕ್ಕಿಂತ ಮುಖ್ಯ. ಹೊಸ ಹೊಟ್ಟು ಹಾಸಿದ ಮಾತ್ರಕ್ಕೆ ಅದು ಡೀಪ್ ಲಿಟರ್ ಆಗುವುದಿಲ್ಲ. ಹಿಕ್ಕೆ ಬೆರೆತು, ಸೂಕ್ಷ್ಮಜೀವಿಗಳು ನೆಲೆಯೂರಿ, ಹಾಸು ಒಳಗೇ ಬೆಚ್ಚಗಾಗಿ ತನ್ನ ತೇವವನ್ನು ತಾನೇ ಆರಿಸಿಕೊಳ್ಳುವ ಸ್ಥಿತಿಗೆ ಬರಲು ಕಡಿಮೆ ಅಂದರೂ ಎರಡು ತಿಂಗಳು ಒಣ ಹವೆ ಬೇಕು. ಹಳೆಯ ಹಾಸಿನ ಈ ಗುಣವನ್ನು 1940ರ ದಶಕದಲ್ಲೇ ಅಮೆರಿಕದ ಒಹಾಯೊ ಕೃಷಿ ಪ್ರಯೋಗ ಕೇಂದ್ರದಲ್ಲಿ ಕೆನ್ನಾರ್ಡ್ ಮತ್ತು ಚೇಂಬರ್ಲಿನ್ ಪರೀಕ್ಷಿಸಿದ್ದರು. ಪದೇಪದೇ ಹಾಸು ಬದಲಿಸುವ ರೂಢಿಯನ್ನು ಪ್ರಶ್ನಿಸಿದ್ದು ಅಂಥ ಪ್ರಯೋಗಗಳೇ. ಮಳೆಗಾಲದಲ್ಲಿ ಶುರು ಮಾಡಿದ ಹಾಸು ಈ ಹದಕ್ಕೆ ಬರುವ ಮೊದಲೇ ಕೊಳೆಯುತ್ತದೆ.

ಹಾಗಾಗಿ ನಾನು ಲೆಕ್ಕವನ್ನು ಹಾಸಿನಿಂದ ಹಿಂದಕ್ಕೆ ಹಾಕುತ್ತೇನೆ. ಹಾಸು ಫೆಬ್ರವರಿಯಲ್ಲಿ ಬೀಳಬೇಕು. ಕೋಳಿ 20 ವಾರದ್ದಾದಾಗ ಶೆಡ್ಡಿಗೆ ಬರುತ್ತದೆ, ಆದ್ದರಿಂದ ಮರಿ ಸೆಪ್ಟೆಂಬರ್ ನಡುವಿನಲ್ಲಿ ಬರಬೇಕು. ಅಲ್ಲಿಯವರೆಗೆ ಅವು ಬೇರೆ ಸಣ್ಣ ಕೋಣೆಯಲ್ಲಿ ಬೆಳೆಯುತ್ತವೆ. ಶೆಡ್ಡಿನಲ್ಲಿ 48 ವಾರ ಮೊಟ್ಟೆ ಇಟ್ಟು ಜನವರಿ ಮೊದಲಲ್ಲಿ ಮಾರಾಟ. ಆಗ ಹಾಸು ಪೂರ್ತಿ ತೆಗೆದು, ತೊಳೆದು, ಸುಣ್ಣ ಬಳಿದು ಮೂರು ವಾರ ಖಾಲಿ ಬಿಡುತ್ತೇವೆ. ಭತ್ತದ ಕೊಯ್ಲು ಮುಗಿದು ಗಿರಣಿಯಲ್ಲಿ ಹೊಟ್ಟು ಧಾರಾಳವಾಗಿ ಸಿಗುವ ಕಾಲವೂ ಅದೇ.

ಶುರುವಿಗೆ ನಾಲ್ಕು ಇಂಚು. 600 ಚದರಡಿಗೆ 200 ಘನ ಅಡಿ, ತೂಕದಲ್ಲಿ ಆರು ಕ್ವಿಂಟಲ್ ಆಸುಪಾಸು. ಜೂನ್ ಹೊತ್ತಿಗೆ ಹಿಕ್ಕೆ ಮತ್ತು ಆಗಾಗ ಹಾಕಿದ ಹೊಟ್ಟು ಸೇರಿ ಆರು ಇಂಚು ಆಗಿರುತ್ತದೆ. ಮಳೆಗಾಲದಲ್ಲಿ ಹತ್ತು ದಿನಕ್ಕೊಮ್ಮೆ ಅರ್ಧ ಇಂಚು ಸೇರಿಸಬೇಕು. ಪ್ರತಿ ಸಲ ಸುಮಾರು 75 ಕಿಲೋ, ಏಳೆಂಟು ಗೋಣಿ. ನಾಲ್ಕು ತಿಂಗಳಿಗೆ ಹನ್ನೆರಡು ಸಲ, ಅಂದರೆ ಒಂಬತ್ತು ಕ್ವಿಂಟಲ್. ಇದರ ಮೇಲೆ ಕೆಟ್ಟ ಜಾಗ ತುಂಬಲು ಒಂದೆರಡು ಕ್ವಿಂಟಲ್ ಹೆಚ್ಚಿಗೆ ಇರಲಿ. ಇಷ್ಟನ್ನೂ ಮೇ ತಿಂಗಳೊಳಗೆ ತಂದು ಅಟ್ಟದಲ್ಲಿ ಒಣಗಿಸಿ ಇಡಬೇಕು. ಜುಲೈಯಲ್ಲಿ ತಂದ ಹೊಟ್ಟು ಮುಗ್ಗಿರುತ್ತದೆ. ಮುಗ್ಗಿದ ಹೊಟ್ಟು, ಅದಕ್ಕಿಂತಲೂ ಮುಗ್ಗಿದ ಕಟ್ಟಿಗೆ ಪುಡಿ ಹಾಕಿದರೆ ಬೂಷ್ಟು ಕೋಳಿಯ ಶ್ವಾಸಕೋಶಕ್ಕೆ ಹೋಗುತ್ತದೆ. ಅಂಥದ್ದನ್ನು ಹಾಕುವುದಕ್ಕಿಂತ ಹಾಕದಿರುವುದು ಮೇಲು.

ನಡುವೆ ತೆಗೆಯಲೇಬೇಕಾದ ಸಂದರ್ಭ

ವರ್ಷದ ನಡುವೆ ಇಡೀ ಹಾಸು ತೆಗೆಯುವ ಗುರುತುಗಳು ಮೂರು. ಒಂದು, ಹಕ್ಕಳೆ ಅರ್ಧಕ್ಕಿಂತ ಹೆಚ್ಚು ಜಾಗಕ್ಕೆ ಹರಡಿದ್ದರೆ. ಎರಡು, ಕಾರಣ ಸರಿಪಡಿಸಿ, ದಿನಾ ತಿರುವಿ, ಹೊಟ್ಟು ಹಾಕಿದರೂ ಹತ್ತು ದಿನದಲ್ಲಿ ಬೆಳಗಿನ ಕಣ್ಣುರಿ ಹೋಗದಿದ್ದರೆ. ಮೂರು, ಬೂಷ್ಟು ಎಲ್ಲ ಕಡೆ ಬೆಳ್ಳಗೆ ಕಂಡರೆ ಅಥವಾ ಹುಳ ಹರಿದಾಡುತ್ತಿದ್ದರೆ.

ಮಳೆಯಲ್ಲಿ ಹೀಗೆ ತೆಗೆಯಬೇಕಾಗಿ ಬಂದರೆ ಒಂದೇ ದಿನ ತೆಗೆಯಬೇಡಿ. ಬಲೆ ಕಟ್ಟಿ ಕೋಳಿಗಳನ್ನು ಒಂದು ಪಕ್ಕಕ್ಕೆ ಅಟ್ಟಿ, ಅರ್ಧ ತೆಗೆದು ನಾಲ್ಕಿಂಚು ಒಣ ಹೊಟ್ಟು ಹಾಸಿ. ಹಳೆಯ ಹಾಸಿನಲ್ಲಿ ಎಲ್ಲಿಯಾದರೂ ಒಣಗಿ ಪುಡಿಪುಡಿಯಾಗಿರುವುದಿದ್ದರೆ ಐದಾರು ಬುಟ್ಟಿಯನ್ನು ಹೆಪ್ಪಿನ ಹಾಗೆ ಬೆರೆಸಿ. ವಾರ ಬಿಟ್ಟು ಇನ್ನರ್ಧ. ಬೂಷ್ಟು ಬಂದ ಹಾಸಿನಿಂದ ಮತ್ತು ರೋಗ ಬಂದ ತಂಡದ ಹಾಸಿನಿಂದ ಮಾತ್ರ ಹೆಪ್ಪು ಬೇಡವೇ ಬೇಡ. ರೋಗದಿಂದ ಕೋಳಿ ಸತ್ತಿದ್ದರೆ ತಂಡ ಮುಗಿದ ಮೇಲೆ ಒಂದು ಬುಟ್ಟಿಯೂ ಉಳಿಯದಂತೆ ತೆಗೆದು, ಶೆಡ್ಡಿನಿಂದ ದೂರ ರಾಶಿ ಹಾಕಿ ಮುಚ್ಚಬೇಕು.

ಗೊಬ್ಬರದ ಬೆಲೆ

ಜನವರಿಯಲ್ಲಿ ನಮ್ಮ ಶೆಡ್ಡಿನಿಂದ ನಾಲ್ಕರಿಂದ ಐದು ಟನ್ ಗೊಬ್ಬರ ಸಿಗುತ್ತದೆ. ಚೆನ್ನಾಗಿ ಕಾಪಾಡಿದ ಡೀಪ್ ಲಿಟರ್ ಗೊಬ್ಬರದಲ್ಲಿ ನೂರಕ್ಕೆ ಸುಮಾರು ಮೂರು ಪಾಲು ಸಾರಜನಕ ಇರುತ್ತದೆ. ಎರಡು ಕಿಲೋದಲ್ಲಿ 60 ಗ್ರಾಂ ಆಯಿತು. ಅಡಿಕೆ ಮರವೊಂದಕ್ಕೆ ವರ್ಷಕ್ಕೆ ಶಿಫಾರಸು ಇರುವುದು 100 ಗ್ರಾಂ. ಶೆಡ್ಡಿನಲ್ಲಿ ಮೂಗಿಗೆ ಬಡಿಯುವ ಅಮೋನಿಯಾ ಎಂದರೆ ಇದೇ ಸಾರಜನಕ ಗಾಳಿಗೆ ಹೋಗುತ್ತಿರುವುದು. ವಾಸನೆಯ ಶೆಡ್ಡಿನಿಂದ ಬಂದ ಗೊಬ್ಬರ ರಾಶಿಯಲ್ಲಿ ದೊಡ್ಡದಾಗಿ ಕಂಡರೂ ಸತ್ವದಲ್ಲಿ ಹಗುರ.

ತೆಗೆದದ್ದನ್ನು ನೇರ ಮರದ ಬುಡಕ್ಕೆ ಹಾಕಬಾರದು, ಬೇರು ಸುಡುತ್ತದೆ. ನೆರಳಲ್ಲಿ ರಾಶಿ ಹಾಕಿ, ಲಘುವಾಗಿ ನೀರು ಚಿಮುಕಿಸಿ, ಮೇಲೆ ಮಣ್ಣು ಅಥವಾ ದರಕು ಮುಚ್ಚಿ ಎರಡು ಮೂರು ತಿಂಗಳು ಬಿಡಿ. ಒಳಗೆ ಕೈ ಹಾಕಿದರೆ ಬಿಸಿ ತಗುಲಬಾರದು, ಮೂಗು ಚುಚ್ಚಬಾರದು. ಆಗ ಅದು ತೋಟಕ್ಕೆ ಹೋಗಬಹುದು.